‘ಮನೆ ಶಿಫ್ಟ್ ಮಾಡ್ತಿದ್ದೀವಿ’ ಅಂದದ್ದಕ್ಕೆ 5,565 ರೂಪಾಯಿ ಬಿಲ್

ಮೇ ತಿಂಗಳ ಕೊನೆಗೆ ಮುಂಬೈ ಪಕ್ಕದ ಮೀರಾ ರೋಡಿನ ಬಾಡಿಗೆ ಮನೆ ಬಿಟ್ಟು ಪುಣೆಯ ಪಿಂಪಳೆ ಸೌದಾಗರಕ್ಕೆ ಬಂದೆವು. ಗ್ಯಾಸ್, ಕರೆಂಟು, ಓನರ್ ಹತ್ತಿರದ ಡಿಪಾಸಿಟ್, ಎಲ್ಲ ಸರಿಯಾಗಿ ಮುಗಿಯಿತು. ತೊಂದರೆ ಕೊಟ್ಟದ್ದು ಬ್ರಾಡ್‌ಬ್ಯಾಂಡ್ ಒಂದೇ. ಕಂಪನಿ ಹೆಸರು ಬೇಡ. ನಮ್ಮ ತಪ್ಪೂ ಇದರಲ್ಲಿ ಸ್ವಲ್ಪ ಇದೆ.

ಮೇ 24ಕ್ಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ‘ನಾವು ಮನೆ ಶಿಫ್ಟ್ ಮಾಡ್ತಿದ್ದೀವಿ, ಕನೆಕ್ಷನ್ ತೆಗೆಯಬೇಕು’ ಅಂದೆ. ಅತ್ತಲಿನ ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದಳು, ಹೊಸ ವಿಳಾಸ ಕೇಳಿದಳು. ಯಾಕೆ ಕೇಳುತ್ತಿದ್ದಾಳೆ ಎಂದು ಯೋಚಿಸದೆ ಪುಣೆ ವಿಳಾಸ ಕೊಟ್ಟೆ. ಐದೇ ನಿಮಿಷದಲ್ಲಿ ಎಸ್‌ಎಂಎಸ್ ಬಂತು. ಪ್ಯಾಕಿಂಗ್ ಗಡಿಬಿಡಿಯಲ್ಲಿ ನಂಬರ್ ಇದೆಯಾ ಅಂತಷ್ಟೇ ನೋಡಿದೆ. ಆಮೇಲೆ ಓದಿದಾಗ ಗೊತ್ತಾಯಿತು, ಅದರಲ್ಲಿ ಇದ್ದದ್ದು ‘ಶಿಫ್ಟಿಂಗ್ ರಿಕ್ವೆಸ್ಟ್ ದಾಖಲಾಗಿದೆ’ ಎಂದು.

ನಮಗೆ ಶಿಫ್ಟ್ ಅಂದರೆ ಮನೆ ಬದಲಾಯಿಸೋದು. ಅವರಿಗೆ ಶಿಫ್ಟಿಂಗ್ ಅಂದರೆ ಅದೇ ಕನೆಕ್ಷನ್ನನ್ನು ಹೊಸ ವಿಳಾಸಕ್ಕೆ ಒಯ್ಯುವುದು. ಅಕೌಂಟ್ ಜೀವಂತ ಇರುತ್ತದೆ, ಬಾಡಿಗೆಯೂ ಓಡುತ್ತದೆ. ಮುಚ್ಚೋದಕ್ಕೆ ಬೇರೆಯೇ ಮಾತಿದೆ, ಪರ್ಮನೆಂಟ್ ಡಿಸ್ಕನೆಕ್ಷನ್. ಫೋನಲ್ಲಿ ಮನೆ ವಿಷಯ ಎತ್ತಲೇಬೇಡಿ. ‘ಪರ್ಮನೆಂಟ್ ಡಿಸ್ಕನೆಕ್ಷನ್ ಬೇಕು’ ಎಂದು ಈ ಎರಡು ಪದವನ್ನೇ ಹೇಳಿ. ಬಂದ ಎಸ್‌ಎಂಎಸ್‌ನಲ್ಲೂ ಅದೇ ಇದೆಯಾ ನೋಡಿ. ಇಲ್ಲದಿದ್ದರೆ ಅವತ್ತೇ ಮತ್ತೆ ಫೋನ್ ಮಾಡಿ. ಕಾರಣ ಕೇಳುತ್ತಾರೆ, ಒಂದು ತಿಂಗಳು ಫ್ರೀ ಕೊಡ್ತೀವಿ ಅಂತಾರೆ. ‘ಹ್ಞಾಂ, ನೋಡೋಣ’ ಅನ್ನಬೇಡಿ. ಬೇಡ ಅಂದರೆ ಬೇಡ.

ಮೇ 29ಕ್ಕೆ ಟೆಂಪೋ ಬಂದು ಗೇಟಿನಲ್ಲಿ ನಿಂತಿತ್ತು. ಅದೇ ಹೊತ್ತಿಗೆ ಹುಡುಗನೊಬ್ಬ ಬಂದು ಗೋಡೆಯಿಂದ ಫೈಬರ್ ಬಾಕ್ಸ್ ಕಿತ್ತ. ‘ರಸೀದಿ?’ ಅಂದೆ. ‘ಸಿಸ್ಟಮ್ ಮೇ ಆ ಜಾಯೇಗಾ’ ಅಂದ. ಒಟಿಪಿ ಕೇಳಿದ, ಕೊಟ್ಟೆ. ಅದು ಬಾಕ್ಸ್ ತಗೊಂಡದ್ದಕ್ಕೆ ಒಟಿಪಿ ಅಲ್ಲ, ಅವನು ಬಂದು ಹೋದ ಕೆಲಸ ಮುಗಿಯಿತು ಅನ್ನೋದಕ್ಕೆ. ಬಾಕ್ಸನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಅಡಾಪ್ಟರ್ ಮಾತ್ರ ಸೋಫಾ ಹಿಂದಿನ ಪ್ಲಗ್ಗಿನಲ್ಲೇ ಉಳಿದಿತ್ತು. ಪ್ಯಾಕರ್‌ನವರು ಅದನ್ನು ಉಪ್ಪಿನಕಾಯಿ ಭರಣಿಯ ಡಬ್ಬಕ್ಕೆ ತುರುಕಿ ಪುಣೆಗೆ ಕಳಿಸಿದರು.

ಮರುದಿನ ನಾನು ಯುಪಿಐ ಆಟೋಪೇ ರದ್ದು ಮಾಡಿದೆ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ. ಆಟೋಪೇ ನಿಲ್ಲಿಸಿದರೆ ನಿಲ್ಲೋದು ನಮ್ಮ ದುಡ್ಡು ಹೋಗೋದು ಮಾತ್ರ, ಬಿಲ್ ಹುಟ್ಟೋದಲ್ಲ. ಬಿಲ್ ಈಮೇಲ್ ಹೋಗುತ್ತಿದ್ದದ್ದು ಯಾರೂ ತೆರೆಯದ ಹಳೇ ಐಡಿಗೆ.

ಆಗಸ್ಟ್ 13ಕ್ಕೆ ವಸೂಲಿಯವರಿಂದ ಫೋನ್ ಬಂತು. ಬಿಲ್ ತರಿಸಿ ನೋಡಿದೆ. ನಮ್ಮದು 799ರ ಪ್ಲಾನ್, 18% ಜಿಎಸ್‌ಟಿ ಸೇರಿ 943. ಬಿಲ್ ಪ್ರತಿ ತಿಂಗಳು 12ಕ್ಕೆ, ಮುಂಗಡವಾಗಿ. ಜೂನ್, ಜುಲೈ, ಆಗಸ್ಟ್ ಸೇರಿ 2,829. ಎರಡು ಸಲ ಲೇಟ್ ಫೀ 236. ಬಾಕ್ಸ್ ವಾಪಸ್ ಬಂದಿಲ್ಲ ಅಂತ 2,500. ಒಟ್ಟು 5,565. ಗೋಡೆಯಲ್ಲಿ ಬಾಕ್ಸೇ ಇಲ್ಲದ ಮನೆಗೆ ಇಂಟರ್ನೆಟ್ ಬಾಡಿಗೆ! ‘3,000 ಕೊಟ್ಟು ಸೆಟಲ್ ಮಾಡಿ ಸರ್’ ಅಂದ ಆ ಮನುಷ್ಯ. ಕೊಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಕೊಟ್ಟರೆ ಬಾಕಿ ಇತ್ತು ಅಂತ ಒಪ್ಪಿಕೊಂಡ ಹಾಗೆ, ಅದೂ ಕಂಪನಿಯಿಂದ ಒಂದು ಕಾಗದ ಇಲ್ಲದೆ.

ಬಾಕ್ಸ್ ಕೊಟ್ಟದ್ದಕ್ಕೆ ಸಾಕ್ಷಿ ಎಲ್ಲಿ? ಎರಡು ಸಿಕ್ಕವು. ಒಂದು, ಸೊಸೈಟಿ ಗೇಟಿನ ರಿಜಿಸ್ಟರ್. ಹುಡುಗನ ಹೆಸರು, ಮೊಬೈಲ್, ಬಂದ ಹೊತ್ತು, ಹೋದ ಹೊತ್ತು, ನಮ್ಮ ಫ್ಲ್ಯಾಟ್ ನಂಬರ್, ಎಲ್ಲ ವಾಚ್‌ಮ್ಯಾನ್ ಬರೆದಿದ್ದ. ಸೆಕ್ರೆಟರಿ ಆ ಪುಟದ ಫೋಟೋ ಕಳಿಸಿದರು. ಇನ್ನೊಂದು, ಹಿಂದೊಮ್ಮೆ ನೆಟ್ ಕೆಟ್ಟಾಗ ಕೆಂಪು ದೀಪ ತೋರಿಸೋಕೆ ಅಂತ ನಾನು ತೆಗೆದಿದ್ದ ಫೋಟೋ. ಅದರ ಮೂಲೆಯಲ್ಲಿ ಬಾಕ್ಸಿನ ಬಿಳಿ ಸ್ಟಿಕ್ಕರ್, ಅದರಲ್ಲಿ ಸೀರಿಯಲ್ ನಂಬರ್. ದೊಡ್ಡದು ಮಾಡಿ ನೋಡಿದರೆ ಓದಬಹುದಾಗಿತ್ತು.

ಹುಡುಗನಿಗೆ ಫೋನ್ ಮಾಡಿದೆ. ‘ಅಂಗಡಿಯಲ್ಲಿ ಕೊಟ್ಟೆ’ ಅಂದ. ಕಂಪನಿಯ ಕೆಲಸವನ್ನು ಏರಿಯಾದ ಫ್ರಾಂಚೈಸಿಯವನೇ ಮಾಡೋದು. ಅವನು ಸಾಮಾನನ್ನು ಕಂಪನಿಯ ಸ್ಟೋರಿಗೆ ಒಪ್ಪಿಸಿ ಎಂಟ್ರಿ ಮಾಡಿಸೋ ತನಕ ಬಾಕ್ಸ್ ನಮ್ಮ ಹೆಸರಲ್ಲೇ ಇರುತ್ತದೆ. ಮೀರಾ ರೋಡಿಗೆ ಹತ್ತಿರದ ದಹಿಸರಿನಲ್ಲಿ ನಮ್ಮ ಸೋದರಮಾವ ಇದ್ದಾರೆ, ರಿಟೈರ್ಡ್. ‘ನೀ ಸುಮ್ನಿರು, ನಾ ಹೋಗ್ತೀನಿ’ ಅಂದರು. ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ತುಂಬಾ ಹಳೇ ಬಾಕ್ಸ್‌ಗಳು. ಮಾವ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ತಿರುಗಿಸಿ ನನಗೆ ಫೋನಲ್ಲಿ ನಂಬರ್ ಓದಿದರು. ಕನ್ನಡಕ ಮನೆಯಲ್ಲೇ ಮರೆತಿದ್ದರು, ಎಂಟು ಮೂರಾಗುತ್ತಿತ್ತು. ಹದಿನೇಳನೆಯದು ನಮ್ಮದು.

ಅಂಗಡಿಯವನಿಂದ ಬರೆಸಿಕೊಂಡ ಕಾಗದದಲ್ಲಿ ಅಕೌಂಟ್ ನಂಬರ್, ಬಾಕ್ಸ್ ಸೀರಿಯಲ್, ‘ಮೇ 29ರಂದು ಪಡೆಯಲಾಗಿದೆ’, ಸಹಿ, ಅಂಗಡಿ ಸೀಲು ಇದ್ದವು. ಅಡಾಪ್ಟರ್ ಬೇಕು ಅಂದ, ಕೊರಿಯರ್ ಮಾಡಿದೆ. ನೀವು ಬಾಕ್ಸ್ ಕೊಡೋ ದಿನವೇ ಇಷ್ಟನ್ನು ಬರೆಸಿಕೊಂಡರೆ ಸಾಕು. ಹುಡುಗನ ಹತ್ತಿರ ರಸೀದಿ ಪುಸ್ತಕ ಇಲ್ಲದಿದ್ದರೆ ಬಿಳಿ ಹಾಳೆಯಾದರೂ ಆದೀತು. ಅದಕ್ಕೂ ಒಪ್ಪದಿದ್ದರೆ ಬಾಕ್ಸ್ ಕೊಡಬೇಡಿ, ನೀವೇ ಅವರ ಆಫೀಸಿಗೆ ಒಯ್ದು ಕೊಡಿ.

ಆಮೇಲೆ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ ತಗೊಂಡೆ. ಅವರು ಬಾಕ್ಸಿನ 2,500 ಬಿಟ್ಟರು, ಬಾಡಿಗೆ ಮಾತ್ರ ಕಟ್ಟಲೇಬೇಕು ಅಂದರು. ಇಲ್ಲಿ ಜನ ಸುಸ್ತಾಗಿ ಕೈಬಿಡುತ್ತಾರೆ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಕಂಪನಿಯಲ್ಲಿ ಅಪೀಲ್ ಕೇಳೋರು ಬೇರೆ ಇರಬೇಕು. ದೂರಿಗೆ ಉತ್ತರ ಬಂದ 30 ದಿನದೊಳಗೆ ಅಪೀಲ್ ಹಾಕಬಹುದು, ಫೀಸ್ ಇಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು. ಗೇಟಿನ ಪುಟ, ಅಂಗಡಿ ಕಾಗದ, ಶಿಫ್ಟಿಂಗ್ ಎಸ್‌ಎಂಎಸ್ ಮೂರನ್ನೂ ಜೋಡಿಸಿ ಒಂದೇ ಪ್ರಶ್ನೆ ಕೇಳಿದೆ: ಮೇ 29ರ ಮೇಲೆ ಈ ಸೀರಿಯಲ್‌ನ ಬಾಕ್ಸ್ ನನ್ನ ಅಕೌಂಟಿನಲ್ಲಿ ಒಂದು ದಿನವಾದರೂ ಆನ್‌ಲೈನ್ ಬಂದಿದೆಯಾ? ಅದು ಅವರ ಸಿಸ್ಟಮ್‌ನಲ್ಲೇ ಕಾಣುತ್ತದಲ್ಲ. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗೋಣ ಅಂತಿದ್ದೆ, ಅಗತ್ಯ ಬೀಳಲಿಲ್ಲ.

ಡಿಟಿಎಚ್‌ನಲ್ಲಿ ಈ ಕಾಟ ಕಡಿಮೆ. ಅದು ಪ್ರಿಪೇಯ್ಡ್, ರೀಚಾರ್ಜ್ ಮುಗಿದರೆ ಚಾನೆಲ್ ನಿಲ್ಲುತ್ತದೆ, ಬಾಕಿ ಬೆಳೆಯೋದಿಲ್ಲ. ಬಾಕ್ಸ್ ಕೊಂಡದ್ದಾ ಬಾಡಿಗೆಯದ್ದಾ ಅಂತ ಮಾತ್ರ ನೋಡಿಕೊಳ್ಳಿ. ಬಾಡಿಗೆಯದ್ದಾದರೆ ಅದಕ್ಕೂ ಇದೇ ರಸೀದಿ.

ಅಪೀಲಿನಲ್ಲಿ ಮೇ 29ನ್ನೇ ಮುಚ್ಚಿದ ದಿನ ಅಂತ ಒಪ್ಪಿದರು. ಜೂನ್ 11ರವರೆಗಿನ ದುಡ್ಡು ನಾವು ಮೊದಲೇ ಕಟ್ಟಿದ್ದೆವಲ್ಲ, ಹಾಗಾಗಿ 13 ದಿನದ ಲೆಕ್ಕ ಉಲ್ಟಾ ಆಯಿತು. ಕೊನೆಯ ಬಿಲ್ಲಿನಲ್ಲಿ ಮೈನಸ್ 395. ಅದು ಖಾತೆಗೆ ಬಂದ ಮೇಲೆ ಸೊನ್ನೆ ಬಾಕಿ ತೋರಿಸುವ ಬಿಲ್ ಇಳಿಸಿಕೊಂಡು ಪ್ರಿಂಟ್ ತೆಗೆದಿಟ್ಟೆ, ಆ್ಯಪಿನ ಲಾಗಿನ್ ಹೋಗೋದಕ್ಕೆ ಮುಂಚೆ. ಮಾವನಿಗೆ ಹೇಳಿದೆ. ‘ನನ್ನ ರಿಕ್ಷಾ ದುಡ್ಡು ಅದರಲ್ಲೇ ಹೋಯ್ತಲ್ಲೋ’ ಅಂದರು.