ಎಆರ್(1) ಮುನ್ನಂದಾಜನ್ನು ಎಕ್ಸೆಲ್‌ಗೆ ಇಳಿಸುವ ಮುನ್ನ ಇದನ್ನು ಓದಿ

ಒಂದು ಸಗಟು ಗೋದಾಮಿನಲ್ಲಿ ನಾಲ್ಕು ವಾರದ ಸರಕನ್ನು ಒಟ್ಟಿಗೇ ತರಿಸುವ ಪದ್ಧತಿ. ಈ ವಾರದ ಏರಿಳಿತದ ಒಂದು ಪಾಲು ಮುಂದಿನ ವಾರಕ್ಕೂ ದಾಟುತ್ತದೆ ಎನ್ನುವ ಎಆರ್(1) ಮಾದರಿಯನ್ನು ವಾರದ ಬೇಡಿಕೆಗೆ ಕೂರಿಸಿ, ಆರ್ ತಂತ್ರಾಂಶ ಕೊಟ್ಟ ಮೂರು ಅಂಕಿಗಳನ್ನು ಕೈಯಲ್ಲೇ ಎಕ್ಸೆಲ್‌ಗೆ ಇಳಿಸಿಕೊಂಡರು. ಮಾದರಿಯಲ್ಲಿ ದೋಷವಿರಲಿಲ್ಲ, ಅಂಕಿಗಳನ್ನು ಬಳಸಿದ ರೀತಿಯಲ್ಲಿತ್ತು. ಇಪ್ಪತ್ತು ಸಲಕ್ಕೆ ಒಮ್ಮೆ ಮಾತ್ರ ಸರಕು ಮುಗಿಯಬೇಕು ಎಂದು ಹಾಕಿದ ಲೆಕ್ಕ, ಹೆಚ್ಚುಕಡಿಮೆ ಐದು ಸಲಕ್ಕೊಮ್ಮೆ ಕೈಕೊಡುವಂಥದ್ದಾಗಿತ್ತು.

ಅನುಕೂಲಕ್ಕಾಗಿ ಅಂಕಿಗಳನ್ನು ದುಂಡಗೆ ಮಾಡಿ ಹೇಳುವುದಾದರೆ, ar1 = 0.8, intercept = 200, sigma^2 = 400. ಕಳೆದ ವಾರ ಹೋದದ್ದು 260 ಪೆಟ್ಟಿಗೆ.

ಮೊದಲ ಎಡವಟ್ಟು intercept ಎಂಬ ಹೆಸರಿನಿಂದಲೇ ಆಗುತ್ತದೆ. ಆರ್‌ನ arima() ಈ ಹೆಸರಿನಲ್ಲಿ ತೋರಿಸುವುದು ಸರಣಿಯ ಸರಾಸರಿಯನ್ನು, ಸಮೀಕರಣದ ಸ್ಥಿರಾಂಕವನ್ನಲ್ಲ. ಗೊತ್ತಿಲ್ಲದೆ 200 + 0.8 × 260 ಎಂದು ಹಾಕಿದರೆ ಮುಂದಿನ ವಾರಕ್ಕೆ 408 ಬರುತ್ತದೆ, ಅದರ ಮುಂದಿನ ವಾರಕ್ಕೆ 526, ಹೀಗೇ ಏರುತ್ತ 1000ದ ಹತ್ತಿರ ಹೋಗಿ ನಿಲ್ಲುತ್ತದೆ. ಇದು ಯಾರ ಕಣ್ಣಿಗಾದರೂ ಬೀಳುವ ತಪ್ಪು, ಹಾಗಾಗಿ ಬೇಗ ಸರಿಹೋಗುತ್ತದೆ. ನಿಜವಾದ ಸ್ಥಿರಾಂಕ 200 × (1 − 0.8) = 40. ಅದಕ್ಕಿಂತ ಸುಲಭವಾದ ದಾರಿಯೆಂದರೆ, ಸರಾಸರಿಗಿಂತ ಎಷ್ಟು ಹೆಚ್ಚಿದೆಯೋ ಅದನ್ನು ಮಾತ್ರ ವಾರವಾರವೂ 0.8ರಿಂದ ಗುಣಿಸುತ್ತ ಹೋಗುವುದು. ಈಗಿನ ಹೆಚ್ಚಳ 60. ಅದು 48, 38.4, 30.7, 24.6 ಎಂದು ಕರಗುತ್ತ ಬರುತ್ತದೆ. ನಾಲ್ಕು ವಾರದ ಮುನ್ನಂದಾಜು 248, 238, 231, 225. ಒಟ್ಟು 942.

ಕಣ್ಣಿಗೆ ಬೀಳದ ತಪ್ಪು sigma^2 ಬಳಕೆಯಲ್ಲಿದೆ. ಅದರ ವರ್ಗಮೂಲವಾದ 20, ಒಂದೇ ವಾರ ಮುಂದಿನ ಅಂದಾಜು ಎಷ್ಟು ತಪ್ಪಬಹುದು ಎನ್ನುವುದಕ್ಕೆ ಮಾತ್ರ ಸರಿ. ಎರಡನೇ ವಾರದ ತಪ್ಪಿನಲ್ಲಿ ಆ ವಾರದ ಹೊಸ ಏರಿಳಿತದ ಜೊತೆ, ಮೊದಲ ವಾರದ ಏರಿಳಿತದ 0.8 ಪಾಲೂ ಸೇರಿರುತ್ತದೆ. ar1 ಅನ್ನೇ phi ಎಂದು ಕರೆದರೆ, h ವಾರಗಳ ಮುಂದಿನ ವೇರಿಯನ್ಸ್ ಹೀಗೆ:

```
sigma^2 * (1 - phi^(2*h)) / (1 - phi^2)
```

ಇದರ ಪ್ರಕಾರ ಮಾನಕ ವಿಚಲನೆ ಮೊದಲ ವಾರ 20, ಎರಡನೆಯದಕ್ಕೆ 25.6, ನಾಲ್ಕನೆಯದಕ್ಕೆ 30.4, ಎಂಟನೆಯದಕ್ಕೆ 32.9. ಆಮೇಲೆ 33.3 ದಾಟುವುದೇ ಇಲ್ಲ, ಏಕೆಂದರೆ ಅದು ಸರಣಿಯದೇ ಸಹಜ ಹರವು. ಬೇಡಿಕೆ ಸರಾಸರಿಗೆ ಮರಳುವಂಥದ್ದಾದ್ದರಿಂದ ಹಳೆಯ ಏರಿಳಿತಗಳು ಸವೆದುಹೋಗುತ್ತವೆ. 20 × √h ಎಂದು ಹಾಕುವವರಿಗೆ ಎಂಟನೇ ವಾರಕ್ಕೆ 56.6 ಸಿಗುತ್ತದೆ. ಅದು phi = 1 ಇರುವ, ಅಂದರೆ ಸರಾಸರಿಗೆ ಮರಳದೆ ಅಲೆಯುವ ಸರಣಿಯ ಸೂತ್ರ.

ಇಲ್ಲಿಯವರೆಗೆ ಓದಿದವರಿಗೆ √h ಸೂತ್ರ ಅತಿ ಜಾಗರೂಕತೆಯದ್ದು, ಬಳಸಿದರೆ ನಷ್ಟವಿಲ್ಲ ಅನ್ನಿಸಬಹುದು. ಗೋದಾಮಿನವರು ಕೆಟ್ಟದ್ದು ಅಲ್ಲೇ. ಅವರಿಗೆ ಬೇಕಿದ್ದುದು ನಾಲ್ಕನೇ ವಾರದ ಬೇಡಿಕೆಯಲ್ಲ, ನಾಲ್ಕೂ ವಾರದ ಮೊತ್ತ. ಅಂದಾಜಿನ ಮೇಲೆ ಹೆಚ್ಚುವರಿಯಾಗಿ ಇಡುವ ಸೇಫ್ಟಿ ಸ್ಟಾಕ್‌ಗೆ ಎಲ್ಲರೂ ಬಳಸುವ ಸೂತ್ರ 1.645 × 20 × √4, ಅಂದರೆ 66 ಪೆಟ್ಟಿಗೆ. ಇಲ್ಲಿ 1.645 ಎಂಬುದು ಇಪ್ಪತ್ತು ಸಲಕ್ಕೆ ಒಮ್ಮೆ ಮಾತ್ರ ಸರಕು ಮುಗಿಯುವಂತೆ ಇಡುವ ಗುಣಕ. ಈ ಸೂತ್ರ ಪ್ರತಿ ವಾರದ ತಪ್ಪೂ ಬೇರೆ ಬೇರೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ನಂಬುತ್ತದೆ. ಎಆರ್(1)ನಲ್ಲಿ ಮೊದಲ ವಾರ ಬೇಡಿಕೆ ಅಂದಾಜು ಮೀರಿದರೆ ಉಳಿದ ಮೂರು ವಾರವೂ ಮೀರುವ ಸಾಧ್ಯತೆಯೇ ಹೆಚ್ಚು. ಮೊದಲ ವಾರದ ಏರಿಳಿತ ಮೊತ್ತದಲ್ಲಿ 1 + 0.8 + 0.64 + 0.512 = 2.952 ಪಟ್ಟು ಸೇರುತ್ತದೆ. ಎರಡನೆಯದು 2.44, ಮೂರನೆಯದು 1.8, ಕೊನೆಯದು 1. ಇವುಗಳ ವರ್ಗಗಳನ್ನು ಕೂಡಿ ಲೆಕ್ಕ ಹಾಕಿದರೆ:

```
20 * sqrt(sum(cumsum(0.8^(0:3))^2))   # 87
```

ಹಾಗಾಗಿ ಬೇಕಿದ್ದ ಸೇಫ್ಟಿ ಸ್ಟಾಕ್ 143, ಇಟ್ಟದ್ದು 66. ಸರಕು ಮುಗಿಯುವ ಸಾಧ್ಯತೆ ಶೇ 5 ಅಲ್ಲ, ಶೇ 22. ಆರ್‌ನ predict() ಕೊಡುವ se ಅಂಕಿಗಳು, ಅಂದರೆ ಮೇಲಿನ ಮಾನಕ ವಿಚಲನೆಗಳು, ವಾರವಾರಕ್ಕೆ ಸರಿಯಾಗಿದ್ದರೂ, ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 53 ಬರುತ್ತದೆಯೇ ಹೊರತು 87 ಅಲ್ಲ. ಆ ದಾರಿಯಲ್ಲೂ ಬಚಾವಾಗಲು ಆಗುವುದಿಲ್ಲ.

ಇನ್ನು 0.8 ಎಂಬ ಅಂಕಿ. ಕಡಿಮೆ ದತ್ತಾಂಶವಿದ್ದಾಗ phi ಅಂದಾಜು ನಿಜಕ್ಕಿಂತ ಕೆಳಗೆ ಬೀಳುತ್ತದೆ, ಸರಿಸುಮಾರು (1 + 3·phi)/n ಅಷ್ಟು. 52 ವಾರದ ದತ್ತಾಂಶಕ್ಕೆ ಇದು 0.065. ನಿಜವಾದ phi 0.865 ಇದ್ದರೆ ಹೆಚ್ಚಳ ಅರ್ಧಕ್ಕಿಳಿಯಲು 3.1 ವಾರ ಅಲ್ಲ, 4.8 ವಾರ ಬೇಕು. ಸೇಫ್ಟಿ ಸ್ಟಾಕ್ ಕೂಡ 154ಕ್ಕೆ ಏರುತ್ತದೆ. se ಅಂಕಿಗಳಲ್ಲಿ ಈ ಅನಿಶ್ಚಿತತೆ ಸೇರಿಲ್ಲ.

ನಿಮ್ಮ ಹಾಳೆಯಲ್ಲಿ ಇದೇ ತಪ್ಪಿದೆಯೇ ಎಂದು ಹಳೆಯ ದತ್ತಾಂಶದಲ್ಲೇ ನೋಡಬಹುದು. ಹಿಂದಿನ ಒಂದೊಂದು ವಾರದಲ್ಲೂ ನಿಂತು ಮುಂದಿನ ನಾಲ್ಕು ವಾರದ ಮೊತ್ತವನ್ನು ಅಂದಾಜಿಸಿ, ನಿಜವಾದ ಮೊತ್ತದಿಂದ ಕಳೆಯಿರಿ. ಆ ವ್ಯತ್ಯಾಸಗಳ ಮಾನಕ ವಿಚಲನೆ 87ರ ಆಸುಪಾಸು ಬಂದು, ಹಾಳೆಯಲ್ಲಿ 40 ಇದ್ದರೆ, ಮುಂದಿನ ಆರ್ಡರ್ ಕಳಿಸುವ ಮೊದಲೇ ಸೂತ್ರ ಬದಲಿಸಿ.