ಮಗನ ಬಾಡಿಗೆ ಮನೆಗಾಗಿ ನಾನು ಬರೆದ ಜಾಮೀನು ಸಂದೇಶ: ದಯವಿಟ್ಟು ನನ್ನ ಹಾಗೆ ಬರೆಯಬೇಡಿ

ಗದಗಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನಮ್ಮ ಓಣಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ, ಯಾರಿಗೆ ತಕರಾರು ಪತ್ರ ಬರೆಯಬೇಕಾದರೂ ನನ್ನ ಮನೆಗೇ ಬರುತ್ತಾರೆ. ಅಂಥ ನಾನು ನಾನೇ ಬರೆದ ಒಂದು ವಾಕ್ಯದಿಂದ 22,000 ರೂಪಾಯಿ ಕಳೆದುಕೊಂಡಿದ್ದೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಜೂನ್ ಬಂದರೆ ಗದಗ, ಹಾವೇರಿ, ಬಾಗಲಕೋಟೆ ಕಡೆಯ ತಂದೆ-ತಾಯಿಗಳು ಧಾರವಾಡದ ಸಪ್ತಾಪುರ, ಕಲ್ಯಾಣನಗರ, ಹುಬ್ಬಳ್ಳಿಯ ವಿದ್ಯಾನಗರಗಳಲ್ಲಿ ಮನೆ ಹುಡುಕಿಕೊಂಡು ಅಲೆಯುತ್ತಾರಾದ್ದರಿಂದ ಬರೆಯುತ್ತಿದ್ದೇನೆ.

ಮಗ ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಹಾಸ್ಟೆಲ್ ಬಿಟ್ಟು, ಇಬ್ಬರು ಗೆಳೆಯರ ಜೊತೆ ಧಾರವಾಡದಲ್ಲಿ ಎರಡು ಕೋಣೆಯ ಒಂದು ಮನೆ ನೋಡಿದ. ಬಾಡಿಗೆ 12,000, ಅಂದರೆ ತಲೆಗೆ 4,000. ಡಿಪಾಜಿಟ್ 36,000, ತಲೆಗೆ 12,000. ಕರಾರು ಎಂದಿನಂತೆ 11 ತಿಂಗಳದು, ಜೂನ್‌ನಿಂದ ಏಪ್ರಿಲ್‌ವರೆಗೆ. ಹುಡುಗರಿಗೆ ಕೊಡುವ ಮೊದಲು ಒಬ್ಬ ತಂದೆಯಾದರೂ ಜಾಮೀನು ಬರೆದುಕೊಡಲಿ ಎಂದು ಮಾಲೀಕರು ಕೇಳಿದರಂತೆ. ಮಿಕ್ಕ ಇಬ್ಬರು ತಂದೆಯರು ನಾಳೆ ನಾಡಿದ್ದು ಎನ್ನುತ್ತಿದ್ದಾಗ ಮುಂದೆ ಬಂದ ಮಹಾನುಭಾವ ನಾನು. ಕಳಿಸಿದ ಸಂದೇಶ ಇದು:

“ಮಾನ್ಯರೇ, ಸವಿನಯ ನಮಸ್ಕಾರಗಳು. ನನ್ನ ಮಗನು ತಮ್ಮ ಮನೆಯಲ್ಲಿ ಗೆಳೆಯರೊಂದಿಗೆ ಬಾಡಿಗೆಗೆ ಇರಲು ಬಯಸಿದ್ದಾನೆ. ಅವನು ಸುಶೀಲನೂ ಓದಿನಲ್ಲಿ ಶ್ರದ್ಧೆಯುಳ್ಳವನೂ ಆಗಿದ್ದಾನೆ. ಮನೆಗೆ ಸಂಬಂಧಿಸಿದ ಯಾವುದೇ ಬಾಕಿಗೆ, ಯಾವುದೇ ಹಾನಿಗೆ ನಾನು ಸಂಪೂರ್ಣ ಜವಾಬ್ದಾರನಾಗಿರುತ್ತೇನೆ. ಜಾಮೀನುದಾರನಾಗಿ ನನ್ನ ವಿವರಗಳನ್ನು ಲಗತ್ತಿಸಿರುತ್ತೇನೆ.”

ಲಗತ್ತಿಸಿದ್ದು ಆಧಾರ್ ಕಾರ್ಡಿನ ಎರಡೂ ಬದಿ, ಪ್ಯಾನ್, ವೇತನ ಚೀಟಿ. ಹತ್ತು ನಿಮಿಷದಲ್ಲಿ ಉತ್ತರ ಬಂತು: “ಭಾಳ ಛಂದ ಬರದೀರಿ ಮಾಸ್ತರ. ಇಂಥಾ ತಂದಿ ಇದ್ದರ ನಮಗ ಯಾತರ ಕಾಳಜಿ?” ಈ ಉತ್ತರವನ್ನು ನಾನು ಮನೆಯವಳಿಗೆ ಓದಿ ಹೇಳಿದೆ. ಹೌದು, ಓದಿ ಹೇಳಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮರುದಿನ ಸಹಿ ಮಾಡಿದ ಒಂದು ಖಾಲಿ ಚೆಕ್ ಕೇಳಿದರು. ನಾನು ಹಿಂದೆ ಮುಂದೆ ನೋಡಿದಾಗ, “ರಿವಾಜರಿ ಅದು. ಎಲ್ಲಾರೂ ಕೊಡ್ತಾರ. ಹಾಕೂದಿಲ್ಲ ಬಿಡ್ರಿ” ಎಂದರು. ದಿನಾಂಕವಿಲ್ಲ, ಮೊತ್ತವಿಲ್ಲ, ಕೆಳಗೆ ನನ್ನ ದುಂಡಗಿನ ಸಹಿ ಮಾತ್ರ. ಮಗನ ಕೈಯಲ್ಲಿ ಕಳಿಸಿಬಿಟ್ಟೆ.

ಮಗ ಪ್ರತಿ ತಿಂಗಳು ಐದನೆಯ ತಾರೀಖಿನೊಳಗೆ 4,000 ರೂಪಾಯಿ ಫೋನ್‌ಪೇ ಮಾಡುತ್ತಿದ್ದ. ಒಂದು ತಿಂಗಳೂ ತಪ್ಪಿಲ್ಲ. ಹಾವೇರಿಯ ಹುಡುಗ ನವೆಂಬರ್ ಕೊನೆಗೆ ಮನೆ ಬಿಟ್ಟ. ಇನ್ನೊಬ್ಬ ಜನವರಿ ಕೊನೆಗೆ ಬಿಟ್ಟ. ಇಬ್ಬರೂ ಮಾಲೀಕರಿಗೆ ಹೇಳಿಯೇ ಹೋದರು. ನನಗೆ ಮಾತ್ರ ಯಾರೂ ಹೇಳಲಿಲ್ಲ, ಮಗನೂ ಹೇಳಲಿಲ್ಲ. ಅವನಿಗೆ ತನ್ನ 4,000 ಕೊಟ್ಟರೆ ತನ್ನ ಲೆಕ್ಕ ಮುಗಿಯಿತು ಎಂಬ ಭಾವನೆ. ನನಗೂ ಅದೇ ಭಾವನೆ ಇತ್ತು, ಸುಳ್ಳೇಕೆ ಹೇಳಲಿ.

ಮಾರ್ಚ್ ಕೊನೆಯ ವಾರ, ಹತ್ತನೆಯ ತರಗತಿಯ ಪರೀಕ್ಷೆಯ ಗಡಿಬಿಡಿಯಲ್ಲಿದ್ದಾಗ, ಒಂದು ಲೆಕ್ಕದ ಹಾಳೆಯ ಫೋಟೋ ಬಂತು. ಹಾವೇರಿಯ ಹುಡುಗನ ಪಾಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 16,000. ಇನ್ನೊಬ್ಬನ ಪಾಲು ಎರಡು ತಿಂಗಳದು 8,000. ಹೆಸ್ಕಾಂ ಬಿಲ್ 3,150. ಸುಣ್ಣ-ಬಣ್ಣಕ್ಕೆ 10,000. ಒಟ್ಟು 37,150. ಅದರಲ್ಲಿ ನನ್ನ ಮಗನ ಡಿಪಾಜಿಟ್ 12,000 ಕಳೆದು, ಉಳಿದ 25,150 ರೂಪಾಯಿಯನ್ನು ನಾನು ಕೂಡಲೇ ಕಳಿಸಬೇಕಂತೆ.

ತಪ್ಪಿ ಬಂದ ಲೆಕ್ಕ ಇರಬೇಕೆಂದು ಫೋನ್ ಮಾಡಿದೆ. ಬಿಟ್ಟುಹೋದ ಹುಡುಗರ ಬಾಡಿಗೆಯನ್ನು ನಾನೇಕೆ ಕೊಡಬೇಕು, ಅವರ ತಂದೆಯರನ್ನು ಕೇಳಿ ಎಂದೆ. ಅವರು ಸಿಟ್ಟಾಗಲಿಲ್ಲ, ದನಿ ಏರಿಸಲೂ ಇಲ್ಲ. “ಅವರ ತಂದಿ ಏನೂ ಬರದಕೊಟ್ಟಿಲ್ಲಲ್ರಿ ಮಾಸ್ತರ. ಬರದವರು ನೀವು” ಎಂದರು. ಫೋನ್ ಇಟ್ಟ ಮೇಲೆ ನನ್ನದೇ ಸಂದೇಶದ ಚಿತ್ರವನ್ನು ನನಗೇ ಕಳಿಸಿದರು. “ಯಾವುದೇ ಬಾಕಿಗೆ” ಎಂಬಲ್ಲಿ ಕೆಂಪು ಬಣ್ಣದಲ್ಲಿ ಬೆರಳಿನಿಂದ ಎಳೆದ ಸೊಟ್ಟ ವೃತ್ತ. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಪದಕ್ಕೆ ನಾನು ಹಾಕುವ ಹಾಗೆಯೇ. ಅದರ ಕೆಳಗೆ ಒಂದು ಸಾಲು: “ಚೆಕ್ ನನ್ನ ಕಡೆ ಐತ್ರಿ. ನೀವ ಹೇಳ್ರಿ ಏನ್ ಮಾಡೂಣು.”

ಆ ಸಾಲಿಗೆ ಹೆದರಿ, ಯಾರನ್ನೂ ಕೇಳದೆ, ಅದೇ ಸಂಜೆ 10,000 ರೂಪಾಯಿ ಹಾಕಿದೆ. ಇದು ನನ್ನ ಎರಡನೆಯ ದಡ್ಡತನ. ಹಣ ಹಾಕಿದ ಕೂಡಲೇ ಉತ್ತರ ಬಂತು: “ಉಳಿದದ್ದು 15,150.”

ಧಾರವಾಡದ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಮುಂದೆ ಆ ಸಂದೇಶ ಇಡುವುದು ಹಣ ಕಳೆದುಕೊಂಡದ್ದಕ್ಕಿಂತ ಕಷ್ಟವಾಯಿತು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನಮಗೆ ಒಂದು ಪದ ಹೆಚ್ಚು ಬರೆದರೆ ಅಂಕ ಕಳೀತಿದ್ರಿ” ಎಂದ.

ಅವನು ಹೇಳಿದ್ದರಲ್ಲಿ ನನಗೆ ತಿಳಿಯದೇ ಇದ್ದದ್ದನ್ನಷ್ಟೇ ಬರೆಯುತ್ತೇನೆ. ಇದು ಬರೀ ವಾಟ್ಸಾಪ್ ಸಂದೇಶ, ಛಾಪಾ ಕಾಗದವೂ ಅಲ್ಲ, ನನಗೆ ಇದರಿಂದ ಒಂದು ರೂಪಾಯಿ ಲಾಭವೂ ಇಲ್ಲ ಎಂದು ನಾನು ವಾದಿಸಿದೆ. 1872ರ ಭಾರತೀಯ ಕರಾರು ಕಾಯ್ದೆಯ 126ನೆಯ ಕಲಮಿನ ಪ್ರಕಾರ ಜಾಮೀನು ಬಾಯಿಮಾತಿನದೂ ಆಗಬಹುದು, ಬರಹದ್ದೂ ಆಗಬಹುದು. 127ನೆಯ ಕಲಮಿನ ಪ್ರಕಾರ ಜಾಮೀನುದಾರನಿಗೆ ಏನೂ ಸಿಗಬೇಕಾಗಿಲ್ಲ. ನನ್ನ ಮಾತನ್ನು ನಂಬಿ ಹುಡುಗರಿಗೆ ಮನೆ ಕೊಟ್ಟರೆ ಅಷ್ಟೇ ಸಾಕು. ಆಮೇಲೆ ಕರಾರು ಪತ್ರ ತರಿಸಿ ನೋಡಿದ. ಅದರಲ್ಲಿ ತಲೆಗೆ 4,000 ಎಂದು ಎಲ್ಲಿಯೂ ಇಲ್ಲ. ಮೂವರೂ ಸೇರಿ ಬಾಡಿಗೆದಾರರು, ಬಾಡಿಗೆ 12,000, ಅಷ್ಟೇ. ಜೊತೆಯಾಗಿ ಒಪ್ಪಿಕೊಂಡ ಸಾಲವನ್ನು ಆ ಮೂವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಕೇಳಬಹುದು ಎಂದು 43ನೆಯ ಕಲಮು ಹೇಳುತ್ತದಂತೆ. ಮೂರು ಪಾಲು ಎಂಬುದು ಹುಡುಗರು ತಮ್ಮ ತಮ್ಮಲ್ಲಿ ಮಾಡಿಕೊಂಡ ಹಂಚಿಕೆಯೇ ಹೊರತು ಮಾಲೀಕರಿಗೆ ಸಂಬಂಧವಿಲ್ಲದ ಮಾತು. ಕೊನೆಗೆ ಉಳಿದ ಒಬ್ಬನೇ ನನ್ನ ಮಗ, ಅವನ ಹಿಂದೆ ನಿಂತ ಒಬ್ಬನೇ ನಾನು.

ಚೆಕ್ಕಿನ ವಿಷಯ ಇನ್ನೂ ಕೆಟ್ಟದು. ದಿನಾಂಕವಿಲ್ಲದ ಚೆಕ್ಕಿಗೆ ಅವರು ಬೇಕಾದ ದಿನಾಂಕ ಬರೆದುಕೊಳ್ಳಬಹುದು. ಅದು ಬೌನ್ಸ್ ಆದರೆ ಮಾಲೀಕರು 30 ದಿನಗಳೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ 15 ದಿನಗಳಲ್ಲಿ ನಾನು ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನ ಕ್ರಿಮಿನಲ್ ಪ್ರಕರಣ. ಬ್ಯಾಂಕಿಗೆ ಹೋಗಿ ಸ್ಟಾಪ್ ಪೇಮೆಂಟ್ ಹಾಕಿಬಿಡುತ್ತೇನೆ ಎಂದೆ. ಅದರಿಂದಲೂ ಪ್ರಕರಣ ತಪ್ಪುವುದಿಲ್ಲ, ಹಣ ಬಾಕಿಯಿರಲಿಲ್ಲವೆಂದು ಕೋರ್ಟಿನಲ್ಲಿ ನಾನೇ ತೋರಿಸಬೇಕಾಗುತ್ತದೆ ಎಂದ. ಖಾಲಿ ಚೆಕ್ಕನ್ನು ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟವನು, ಮೊತ್ತ ನಾನು ಬರೆದಿಲ್ಲ ಎಂದಷ್ಟಕ್ಕೇ ಪಾರಾಗುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಂತೆ.

ಇಷ್ಟೆಲ್ಲ ಹೇಳಿ ಅವನು ಒಂದು ಪ್ರಶ್ನೆ ಕೇಳಿದ. “ಡಿಪಾಜಿಟ್ 36,000 ಇತ್ತಲ್ಲ ಸರ್, ಲೆಕ್ಕದಲ್ಲಿ 12,000 ಮಾತ್ರ ಐತಿ. ಉಳಿದ 24,000 ಎಲ್ಲಿ ಹೋತು?”

ಹಾವೇರಿಯ ಹುಡುಗನ ತಂದೆಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಬಹಳ ಸಹಜವಾಗಿ ಹೇಳಿದರು: “ಡಿಪಾಜಿಟ್ ಬಿಟ್ಟ ದಿನಾನ ವಾಪಸ್ ಕೊಟ್ಟರ್ರಿ. ಪೂರ್ತಿ ಹನ್ನೆರಡು ಸಾವಿರ. ಛಲೋ ಮನಿಶ್ಯಾ.” ಇನ್ನೊಬ್ಬನಿಗೂ ಹಾಗೆಯೇ. ಅಂದರೆ ಹುಡುಗನಿಗೆ ನಗುನಗುತ್ತಾ ಡಿಪಾಜಿಟ್ ತಿರುಗಿಸಿ ಬೀಳ್ಕೊಟ್ಟ ಮನುಷ್ಯ, ಮರುದಿನದಿಂದಲೇ ಅದೇ ಹುಡುಗನ ಬಾಡಿಗೆಯನ್ನು ನನ್ನ ಹೆಸರಿನಲ್ಲಿ ಬರೆಯತೊಡಗಿದ್ದಾರೆ. ನಾಲ್ಕು ತಿಂಗಳು ನನಗೆ ಒಂದು ಮಾತೂ ಹೇಳಿಲ್ಲ. ಯುಗಾದಿಗೆ ಶುಭಾಶಯ ಮಾತ್ರ ಕಳಿಸಿದ್ದಾರೆ! ಮೋಸ ಹೋದೆ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಆಗ. ಅವರು ನಂಬಿದ್ದು ಡಿಪಾಜಿಟ್ಟನ್ನಲ್ಲ, ಹುಡುಗರನ್ನಲ್ಲ, ನನ್ನ “ಯಾವುದೇ” ಎಂಬ ಪದವನ್ನು.

ಆದರೆ ನಾನು ಸ್ವಲ್ಪವಾದರೂ ಉಳಿದದ್ದು ಇದರಿಂದಲೇ. ಜಾಮೀನು ಬರೆದುಕೊಟ್ಟಾಗ ಸಾಲಗಾರನಿಂದ ಪಡೆದ ಭದ್ರತೆಯನ್ನು ಜಾಮೀನುದಾರನನ್ನು ಕೇಳದೆ ಕೈಬಿಟ್ಟರೆ, ಆ ಭದ್ರತೆಯ ಬೆಲೆಯಷ್ಟು ಮಟ್ಟಿಗೆ ಜಾಮೀನುದಾರ ಬಿಡುಗಡೆ ಹೊಂದುತ್ತಾನೆ ಎಂದು ಕರಾರು ಕಾಯ್ದೆಯ 141ನೆಯ ಕಲಮಿನಲ್ಲಿದೆ. ಕೈಬಿಟ್ಟದ್ದು 24,000, ಇಬ್ಬರು ಹುಡುಗರ ಪಾಲೆಂದು ಕೇಳುತ್ತಿದ್ದದ್ದೂ 24,000. ಬಾಡಿಗೆಯ ಡಿಪಾಜಿಟ್ ಆ ಅರ್ಥದ ಭದ್ರತೆಯೇ ಅಲ್ಲವೆಂದು ಅವರ ವಕೀಲರು ತಕರಾರು ತೆಗೆಯಬಹುದು, ಆದರೂ ಬರೆಯೋಣ ಎಂದು ನನ್ನ ವಿದ್ಯಾರ್ಥಿ ರಿಜಿಸ್ಟರ್ಡ್ ಅಂಚೆಯಲ್ಲಿ ಉತ್ತರ ಕಳಿಸಿದ. ಸುಣ್ಣ-ಬಣ್ಣದ ಮಾತು ಕರಾರಿನಲ್ಲಿ ಇರಲೇ ಇಲ್ಲ, ಅದನ್ನೂ ಸೇರಿಸಿದ.

ಪತ್ರ ತಲುಪಿದ ದಿನ ಫೋನ್ ಬಂತು. “ಮಾಸ್ತರ, ಮನ್ಯಾಗ ಮಾತಾಡಿ ಮುಗಸೂ ವಿಷಯಕ್ಕ ವಕೀಲರನ್ನ ಯಾಕ ತಂದ್ರಿ? ಮನಸಿಗೆ ಭಾಳ ಬ್ಯಾಸರಾತು” ಎಂದರು. ಬ್ಯಾಸರ ಅವರಿಗಂತೆ! ಏಪ್ರಿಲ್ ಕೊನೆಗೆ ಮನೆ ಬಿಡುವುದು, ಡಿಪಾಜಿಟ್ಟಿನ 12,000 ಮತ್ತು ನಾನು ಹಾಕಿದ 10,000 ಅವರಿಗೇ ಉಳಿಯುವುದು, 15,150ರ ಮಾತು ಮತ್ತೆ ಎತ್ತದಿರುವುದು ಎಂದು ತೀರ್ಮಾನವಾಯಿತು. ವಿದ್ಯುತ್ ಬಿಲ್ಲಿನಲ್ಲಿ ನಾವು ಕೊಡಬೇಕಾದದ್ದು ಇತ್ತು, ಅದನ್ನು ಒಪ್ಪುತ್ತೇನೆ. ಮಿಕ್ಕದ್ದಕ್ಕೆ ಜಗಳ ಮಾಡಬಹುದಿತ್ತು. ಮಗನ ಪರೀಕ್ಷೆ ಹತ್ತಿರ ಬಂದಿತ್ತು, ನಾನು ಸೋತುಹೋಗಿದ್ದೆ.

ನೀವು ಬರೆಯಲೇಬೇಕಾಗಿ ಬಂದರೆ ಹುಡುಗನ ಗುಣಗಾನ ಎಷ್ಟಾದರೂ ಮಾಡಿ, ಅದಕ್ಕೆ ದುಡ್ಡು ಬೀಳುವುದಿಲ್ಲ. ಜವಾಬ್ದಾರಿಯ ವಾಕ್ಯಕ್ಕೆ ಬಂದಾಗ ಮಾತ್ರ ಕೈ ಬಿಗಿ ಹಿಡಿಯಿರಿ. “ನನ್ನ ಮಗನ ಪಾಲಿನ ಬಾಡಿಗೆ ತಿಂಗಳಿಗೆ 4,000 ರೂಪಾಯಿಗೆ, ಈ 11 ತಿಂಗಳ ಕರಾರಿನ ಅವಧಿಗೆ ಮಾತ್ರ, ಒಟ್ಟು ಇಷ್ಟು ರೂಪಾಯಿ ಮೀರದಂತೆ ನಾನು ಜಾಮೀನು, ಬಾಡಿಗೆದಾರರಲ್ಲಿ ಯಾರಾದರೂ ಬಿಟ್ಟರೆ, ಡಿಪಾಜಿಟ್ ಹಿಂದಿರುಗಿಸುವ ಮೊದಲು ನನಗೆ ತಿಳಿಸತಕ್ಕದ್ದು” ಎಂದು ಬರೆಯಿರಿ. ಆಗುವುದಾದರೆ ಹುಡುಗರ ಕರಾರನ್ನೇ ಬೇರೆ ಬೇರೆ ಮಾಡಿಸಿ. ಆಧಾರ್ ಕೊಡಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ. ಖಾಲಿ ಚೆಕ್ ಕೇಳುವವರ ಮನೆ ಎಷ್ಟೇ ಗಾಳಿ-ಬೆಳಕಿನದಾಗಿದ್ದರೂ ಬಿಟ್ಟು ಬನ್ನಿ.

ಆ ಚೆಕ್ ಇನ್ನೂ ಅವರ ಹತ್ತಿರವೇ ಇದೆ. ಮಗ ಕೀಲಿಕೈ ಒಪ್ಪಿಸಿದ ದಿನ ಕೇಳಿದ, ಆಮೇಲೆ ನಾನು ಮೂರು ಸಲ ಕೇಳಿದೆ. ಪ್ರತಿ ಸಲವೂ ಒಂದೇ ಉತ್ತರ: “ಎಲ್ಲೆರೆ ಇಟ್ಟೇನ್ರಿ ಮಾಸ್ತರ, ಸಿಕ್ಕ ಮ್ಯಾಲೆ ಕೊಡತೇನಿ.”