ಆಲ್ಕೋಹಾಲನ್ನು ಮುಚ್ಚುವುದೋ, ಕೀಟೋನನ್ನೋ?

4-ಹೈಡ್ರಾಕ್ಸಿಸೈಕ್ಲೋಹೆಕ್ಸನೋನ್ ತೆಗೆದುಕೊಳ್ಳಿ. ಒಂದೇ ಉಂಗುರದಲ್ಲಿ ಆಲ್ಕೋಹಾಲೂ ಇದೆ, ಕೀಟೋನೂ ಇದೆ. ಯಾವುದನ್ನು ಬದಲಿಸಬೇಕೋ ಅದನ್ನು ಬಿಟ್ಟು ಇನ್ನೊಂದನ್ನು ಮುಚ್ಚಬೇಕು, ಅಂದರೆ ಕಾರಕ ತಾಗದಂತೆ ತಾತ್ಕಾಲಿಕವಾಗಿ ರಕ್ಷಿಸಬೇಕು.

ಕೀಟೋನಿಗೆ ಮೀಥೈಲ್ ಗುಂಪು ಸೇರಿಸಬೇಕಿದ್ದರೆ ತೊಡಕು ಆಲ್ಕೋಹಾಲಿನದು. ಅದರ ಹೈಡ್ರೋಜನ್ ಗ್ರಿನ್ಯಾರ್ ಕಾರಕವನ್ನು ಕೊಲ್ಲುತ್ತದೆ; ಫ್ಲಾಸ್ಕಿನಲ್ಲಿ ಏಳುವ ಗುಳ್ಳೆಗಳು ಮೀಥೇನ್. ಟಿಬಿಎಸ್ ಕ್ಲೋರೈಡ್ ಮತ್ತು ಇಮಿಡಜೋಲ್ ಬಳಸಿ, ಡಿಎಂಎಫ್ ದ್ರಾವಕದಲ್ಲಿ ಕೋಣೆಯ ತಾಪದಲ್ಲೇ ಸಿಲೈಲ್ ಈಥರ್ ಮಾಡಿಕೊಳ್ಳಬಹುದು. ಆಮೇಲೆ ಫ್ಲೋರೈಡ್ ಲವಣವಾದ ಟಿಬಿಎಎಫ್ ಹಾಕಿ ಬಿಚ್ಚಬೇಕು. ಆದರೆ ಇಲ್ಲಿನ ಗ್ರಿನ್ಯಾರ್ ಕಾರಕವಾದ ಮೀಥೈಲ್ ಮೆಗ್ನೀಸಿಯಂ ಬ್ರೋಮೈಡ್ ಅಗ್ಗ. ಎರಡು ಸಮಾನಾಂಶಕ್ಕಿಂತ ತುಸು ಹೆಚ್ಚು ಹಾಕಿದರೆ ಮುಚ್ಚದೆಯೂ ಕೆಲಸ ನಡೆಯಬಹುದು. ನಾನಾದರೆ ಮೊದಲು ಅದನ್ನೇ ಪ್ರಯತ್ನಿಸುತ್ತೇನೆ. ಕಾರಕ ದುಬಾರಿಯಾಗಿದ್ದರೆ ಮಾತ್ರ ಟಿಬಿಎಸ್‌ನ ಎರಡು ಹೆಚ್ಚುವರಿ ಹಂತಗಳಿಗೆ ಅರ್ಥವಿದೆ.

ಆಲ್ಕೋಹಾಲನ್ನು ಸೋಡಿಯಂ ಹೈಡ್ರೈಡ್, ಮೀಥೈಲ್ ಅಯೋಡೈಡ್‌ಗಳಿಂದ ಈಥರ್ ಮಾಡಬೇಕಿದ್ದರೆ ಈ ಅಡ್ಡದಾರಿ ಇಲ್ಲ. ಪ್ರತ್ಯಾಮ್ಲವು ಕೀಟೋನಿನ ಪಕ್ಕದ ಹೈಡ್ರೋಜನನ್ನೂ ಕೀಳುತ್ತದೆ, ಮೀಥೈಲ್ ಇಂಗಾಲಕ್ಕೂ ಅಂಟುತ್ತದೆ. ಎಥಿಲೀನ್ ಗ್ಲೈಕಾಲ್, ಚಿಟಿಕೆ ಟೊಲ್ಯೂನ್‌ಸಲ್ಫೋನಿಕ್ ಆಮ್ಲ ಸೇರಿಸಿ ಟೊಲ್ಯೂನ್‌ನಲ್ಲಿ ಕುದಿಸಿ ಕೀಟೋನನ್ನು ಕೀಟಾಲ್ ಆಗಿ ಮುಚ್ಚಿ. 10 ಗ್ರಾಂ ಕೀಟೋನಿಗೆ ಡೀನ್–ಸ್ಟಾರ್ಕ್ ಕೊಳವೆಯಲ್ಲಿ ಸುಮಾರು 1.6 ಮಿಲಿಲೀಟರ್ ನೀರು ಇಳಿಯಬೇಕು. ಐಆರ್ ರೋಹಿತದಲ್ಲಿ 1715 ಸೆಂ.ಮೀ⁻¹ ಆಸುಪಾಸಿನ ಕೀಟೋನ್ ಪಟ್ಟಿ ಉಳಿದಿದ್ದರೆ ಇನ್ನೂ ಕುದಿಸಿ. ಈಥರ್ ಆದ ಮೇಲೆ ಕೀಟಾಲನ್ನು ಬಿಚ್ಚಲು ಜಲಯುಕ್ತ ಅಸಿಟೋನ್‌ನಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಸಾಕು.

ಎರಡನ್ನೂ ಮುಚ್ಚಬೇಕಾದರೆ ಕೀಟಾಲ್ ಮೊದಲು, ಟಿಬಿಎಸ್ ಆಮೇಲೆ. ತಿರುಗಿಸಿದರೆ ಕುದಿಯುವ ಆಮ್ಲದಲ್ಲಿ ಸಿಲೈಲ್ ಕಳಚಿಹೋಗುತ್ತದೆ.